ನೆಲಕ್ಕಿಳಿದ ನೆಲ್ಲಿ

ಗಿಡದ ಹೆಸರಿನಲ್ಲೇ ಅದು ವಾಸಿ ಮಾಡುವ ರೋಗ ಅಡಗಿದೆ ಎಂಬ ಸಂದೇಶಗಳು ಮೊಬೈಲಿಗೆ ಬರುತ್ತಲೇ ಇರುತ್ತವೆ. ಓದಿದಾಗಲೆಲ್ಲ ನನಗೆ ನೆಲನೆಲ್ಲಿ ನೆನಪಾಗುತ್ತದೆ. ಕಾಮಾಲೆಗೆ ನಾಟಿ ವೈದ್ಯರು ಮೊದಲು ಹುಡುಕುವ ಗಿಡ ಅದು. ಆದರೆ ಹೆಸರಿನಲ್ಲಿ ಕಾಮಾಲೆಯ ಸುಳಿವೂ ಇಲ್ಲ. ಅಲ್ಲಿರುವುದು ಗುರುತು ಮಾತ್ರ. ಮಳೆಗಾಲದ ಬದುವಿನಲ್ಲಿ ನೂರು ಕಳೆಗಳ ನಡುವಿನಿಂದ ಒಂದನ್ನೇ ಕಿತ್ತು ತಾ ಎಂದು ಮೊಮ್ಮಗಳನ್ನು ಕಳಿಸುವ ಅಜ್ಜಿಗೆ ಬೇಕಾದದ್ದೂ ಅಷ್ಟೇ: ನೆಲ್ಲಿಯಂತೆ ಕಾಣುತ್ತದೆ, ನೆಲದಲ್ಲಿರುತ್ತದೆ. ಸಂಸ್ಕೃತದ ‘ಭೂಮ್ಯಾಮಲಕಿ’ ಹೇಳುವುದೂ ಇದನ್ನೇ.

ಈ ಹೋಲಿಕೆ ಎಷ್ಟು ಆಳದ್ದು ನೋಡಿ. ನೆಲನೆಲ್ಲಿಯ ಒಂದು ಗರಿಯನ್ನು ಕಿತ್ತರೆ ಹುಣಸೆಯ ಎಲೆಯಂತೆ ಕಾಣುತ್ತದೆ, ನಡುವೆ ಕಡ್ಡಿ, ಎರಡೂ ಬದಿಗೆ ಪುಟ್ಟ ಎಲೆಗಳ ಸಾಲು. ಮಗುಚಿದರೆ ಗುಟ್ಟು ರಟ್ಟಾಗುತ್ತದೆ. ಪ್ರತಿ ಎಲೆಯ ಬುಡದಲ್ಲೂ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿ ತೂಗುತ್ತಿರುತ್ತದೆ. ಹುಣಸೆಯ ಗರಿಯಲ್ಲಿ ಹೀಗೆ ಕಾಯಿ ಬಿಡುವುದು ಸಾಧ್ಯವೇ ಇಲ್ಲ, ಏಕೆಂದರೆ ಅದು ಇಡಿಯಾಗಿ ಒಂದೇ ಎಲೆ. ನೆಲನೆಲ್ಲಿಯದು ಎಲೆಯ ವೇಷ ತೊಟ್ಟ ಕೊಂಬೆ. ಬಯಲಾಟದ ಸ್ತ್ರೀವೇಷದ ಕೆಳಗೆ ಮೀಸೆ ಇಣುಕಿದ ಹಾಗೆ, ಎಲೆಯ ಕೆಳಗೆ ಕಾಯಿ ಇಣುಕುತ್ತದೆ. ತೋಟದ ದೊಡ್ಡ ನೆಲ್ಲಿ ಮರವೂ ಇದೇ ವೇಷಧಾರಿ. ಅದರ ಗರಿಯೂ ಕೊಂಬೆಯೇ, ಹೂ ಬಿಡುವುದೂ ಎಲೆಯ ಬುಡದಲ್ಲೇ. ಸಸ್ಯಶಾಸ್ತ್ರ ಎರಡನ್ನೂ ‘ಫಿಲಾಂತಸ್’ ಎಂಬ ಒಂದೇ ಕುಲಕ್ಕೆ ಸೇರಿಸಿದೆ. ಗ್ರೀಕ್ ಮೂಲದ ಆ ಪದದ ಅರ್ಥ ‘ಎಲೆಹೂ’. ಹಳ್ಳಿಯ ಕಣ್ಣು ಕಂಡ ನಂಟು ಇಲ್ಲಿ ನಿಜವಾದ ರಕ್ತಸಂಬಂಧ.

ಹಾಗೆಂದು ‘ನೆಲ’ ಸೇರಿದ ಹೆಸರುಗಳನ್ನೆಲ್ಲ ನಂಬಿ ವಂಶವೃಕ್ಷ ಬರೆಯಲು ಹೊರಟರೆ ನೆಲಬೇವು ಕೈಕೊಡುತ್ತದೆ. ಅದಕ್ಕೂ ಬೇವಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಅದು ಆಡುಸೋಗೆಯ ಕುಟುಂಬದ್ದು. ಅದರ ಕಹಿ ಆಂಡ್ರೋಗ್ರಾಫೊಲೈಡ್ ಎಂಬ ವಸ್ತುವಿನದು, ಬೇವಿನ ಕಹಿ ಬೇರೆಯೇ ರಾಸಾಯನಿಕಗಳದು. ನಾಲಿಗೆಗೆ ಎರಡೂ ಒಂದೇ. ನೆಲನೆಲ್ಲಿಗೆ ಹೆಸರಿಟ್ಟದ್ದು ಕಣ್ಣು, ನೆಲಬೇವಿಗೆ ನಾಲಿಗೆ. ಈ ವಿಷಯದಲ್ಲಿ ಕಣ್ಣನ್ನು ನಂಬಬಹುದು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಆದರೆ ಕಣ್ಣಿಗೂ ಮಿತಿಯಿದೆ. ನಮ್ಮ ಬದುಗಳಲ್ಲಿ ನೆಲನೆಲ್ಲಿ ಎನಿಸಿಕೊಳ್ಳುವ ಜಾತಿಗಳು ಒಂದಕ್ಕಿಂತ ಹೆಚ್ಚು. ಔಷಧಕ್ಕೆ ಹೆಚ್ಚಾಗಿ ಬಳಸುವ ಫಿಲಾಂತಸ್ ಅಮಾರಸ್‌ನ ಕಾಯಿ ನುಣುಪು, ಅದಕ್ಕೊಂದು ಗಿಡ್ಡ ತೊಟ್ಟು. ಅದರ ಸೋದರಿ ಫಿಲಾಂತಸ್ ಯೂರಿನೇರಿಯಾದ ಕಾಯಿ ತರಿತರಿ, ತೊಟ್ಟು ಇಲ್ಲವೆಂಬಷ್ಟು ಚಿಕ್ಕದು. ಹಸಿ ಗಿಡವಾದರೆ ಮಗುಚಿ ನೋಡಿದರೆ ತಿಳಿಯುತ್ತದೆ. ಅಂಗಡಿಯ ಪುಡಿಯಲ್ಲಿ ಕಾಯಿಯೂ ಇಲ್ಲ, ತೊಟ್ಟೂ ಇಲ್ಲ. ದಕ್ಷಿಣ ಭಾರತದ ಮಾರುಕಟ್ಟೆಗಳಿಂದ ತಂದ ಒಣ ಮಾದರಿಗಳ ಡಿಎನ್‌ಎ ಪರೀಕ್ಷಿಸಿದಾಗ ಒಂದೇ ಹೆಸರಿನಡಿ ಹಲವು ಜಾತಿಗಳು ಸಿಕ್ಕಿವೆ. ಮೋಸವೆಂದೇ ಹೇಳಲಾಗದು. ಕಿತ್ತು ತಂದವರ ಭಾಷೆಯಲ್ಲಿ ಅವೆಲ್ಲವೂ ನೆಲನೆಲ್ಲಿಯೇ.