ಸ್ಟೇಟಸ್‌ಗೆ ಹಾಕಿದ ವಿಡಿಯೊದಲ್ಲಿ ಮುಖ ಏಕೆ ಕಲಸಿಹೋಗುತ್ತದೆ?

"ಕ್ವಾಲಿಟಿ ಒಂಚೂರೂ ಹೋಗದೆ ಸೈಜ್ ಇಳಿಸುತ್ತೇವೆ" ಎನ್ನುವ ಆ್ಯಪ್‌ಗಳನ್ನು ನಂಬಬೇಡಿ. ಎಡಿಟ್ ಮುಗಿದ 310 ಎಂಬಿಯ ವಿಡಿಯೊ 16 ಎಂಬಿಯೊಳಗೆ ಕೂರಬೇಕಾದರೆ ಅದರ ಬಹುಪಾಲು ಮಾಹಿತಿ ಹೋಗಲೇಬೇಕು. ಜಿಪ್ ಮಾಡಿದರೂ ಫಲವಿಲ್ಲ, ಏಕೆಂದರೆ ವಿಡಿಯೊ ಫೈಲ್ ಆಗಲೇ ಹಿಂಡಿ ಇಟ್ಟ ವಸ್ತು. ಹೋಗುವುದು ಖಚಿತ ಎಂದಮೇಲೆ, ಏನು ಹೋಗಬೇಕು ಎಂಬ ತೀರ್ಮಾನ ನಮ್ಮ ಕೈಯಲ್ಲಿರಲಿ. ಅದನ್ನು ಆ್ಯಪ್‌ಗೆ ಬಿಟ್ಟರೆ ಮೊದಲ ಬಲಿ ಮುಖವೇ.

ಇದಕ್ಕೆ ಕಾರಣ ಹಿಂಡುವ ಗಣಿತದಲ್ಲಿದೆ. ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ 1974ರಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ವಿಧಾನ ಚಿತ್ರದ ಪ್ರತಿ ಪುಟ್ಟ ಚೌಕವನ್ನೂ ಅಲೆಗಳ ಮೊತ್ತವಾಗಿ ಬರೆಯುತ್ತದೆ. ಚೌಕದ ಸರಾಸರಿ ಹೊಳಪು ಮೊದಲ ಸಂಖ್ಯೆ. ಆಮೇಲೆ ಅಗಲವಾದ ಅಲೆಗಳು, ಕೊನೆಗೆ ಸಣ್ಣ ಸಣ್ಣ ಅಲೆಗಳು. ಜಾಗ ಸಾಲದಾದಾಗ ಎನ್‌ಕೋಡರ್, ಅಂದರೆ ವಿಡಿಯೊ ಹಿಂಡುವ ತಂತ್ರಾಂಶ, ಈ ಸಂಖ್ಯೆಗಳನ್ನು ಒರಟಾಗಿ ದುಂಡಾಗಿಸುತ್ತದೆ, ಆಗ ಸಣ್ಣ ಸಂಖ್ಯೆಗಳೆಲ್ಲ ಸೊನ್ನೆಯಾಗುತ್ತವೆ. ಗೋಡೆಯ ಅಂಚು, ದಪ್ಪಕ್ಷರದ ಶೀರ್ಷಿಕೆ ದೊಡ್ಡ ಸಂಖ್ಯೆಗಳಾದ್ದರಿಂದ ಬದುಕಿಕೊಳ್ಳುತ್ತವೆ. ಕೆನ್ನೆಯ ನವಿರು ನೆರಳು, ರೆಪ್ಪೆ, ತುಟಿಯಂಚಿನ ಗೆರೆ ಇವೆಲ್ಲ ಸಣ್ಣ ಸಂಖ್ಯೆಗಳು. ಅದಕ್ಕೇ ಹಿಂದಿನ ಬ್ಯಾನರ್ ಸ್ಪಷ್ಟವಾಗಿ ಓದಬರುತ್ತದೆ, ಮುಂದೆ ನಿಂತವರ ಮುಖ ಮಾತ್ರ ಮೇಣದ ಗೊಂಬೆಯಂತಾಗುತ್ತದೆ.

ಮುಖ ಚಿಕ್ಕದಿದ್ದಷ್ಟೂ ಹಾನಿ ಹೆಚ್ಚು. H.264 ಎಂಬ ಹಿಂಡುವ ವಿಧಾನದ ಎನ್‌ಕೋಡರ್ ಫ್ರೇಮನ್ನು 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸಿಕೊಂಡು ಕೆಲಸ ಮಾಡುತ್ತದೆ. ಮುಖದ ಅಗಲ 70 ಪಿಕ್ಸೆಲ್ ಇದ್ದರೆ ಅಡ್ಡಕ್ಕೆ ನಾಲ್ಕೂವರೆ ಚೌಕವೂ ಆಗುವುದಿಲ್ಲ. ಒಂದು ಕಣ್ಣಿನ ಅಗಲ ಮುಖದ ಸುಮಾರು ಐದರಲ್ಲೊಂದು ಪಾಲು, ಅಂದರೆ 14 ಪಿಕ್ಸೆಲ್. ಇಡೀ ಕಣ್ಣು ಒಂದೇ ಚೌಕದಲ್ಲಿ ಮುಗಿಯಿತು. ಆ ಚೌಕವನ್ನು ಒರಟಾಗಿ ದುಂಡಾಗಿಸಿದರೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯದು.

ಈಗ ಲೆಕ್ಕಕ್ಕೆ ಬರೋಣ. ಸ್ಟೇಟಸ್‌ನ ಮಿತಿ ಆ್ಯಪ್‌ಗೆ, ಆವೃತ್ತಿಗೆ ತಕ್ಕಂತೆ ಬೇರೆ. ಇಲ್ಲಿ 60 ಸೆಕೆಂಡ್, 16 ಎಂಬಿ ಎಂದಿಟ್ಟುಕೊಳ್ಳೋಣ. ನಮ್ಮಲ್ಲಿರುವುದು ವೇದಿಕೆಯ ಮೇಲೆ ಒಬ್ಬರು ಮಾತಾಡುವ 84 ಸೆಕೆಂಡಿನ ವಿಡಿಯೊ, 1920×1080 ಅಳತೆ, ಸೆಕೆಂಡಿಗೆ 60 ಫ್ರೇಮ್. ಮೊದಲು 59 ಸೆಕೆಂಡಿಗೆ ಕತ್ತರಿಸಿ. ಸರಿಯಾಗಿ 60 ಇಟ್ಟರೆ ಆಡಿಯೊ ಕೂದಲೆಳೆಯಷ್ಟು ಉದ್ದವಾದರೂ ಆ್ಯಪ್ ಕೊನೆಯ ಮಾತನ್ನು ಕತ್ತರಿಸುತ್ತದೆ. 16 ಎಂಬಿ ಎಂದರೆ 1,28,000 ಕಿಲೋಬಿಟ್. ಅದನ್ನು 59ರಿಂದ ಭಾಗಿಸಿದರೆ ಸೆಕೆಂಡಿಗೆ 2,169 ಕಿಲೋಬಿಟ್. ನೂರಕ್ಕೆ ಏಳರಷ್ಟು ಕೈಯಲ್ಲಿಟ್ಟುಕೊಂಡು, ಧ್ವನಿಗೆ 96 ತೆಗೆದಿಟ್ಟರೆ ಚಿತ್ರಕ್ಕೆ ಉಳಿಯುವುದು ಸುಮಾರು 1,900. ಫೈಲ್ 14.7 ಎಂಬಿ ಆಸುಪಾಸು ಬರುತ್ತದೆ.

ಗಮನಿಸಿ, ಈ ಲೆಕ್ಕದಲ್ಲಿ ರೆಸಲ್ಯೂಶನ್ ಎಲ್ಲೂ ಬರಲಿಲ್ಲ. ಸೆಕೆಂಡಿಗೆ ಎಷ್ಟು ಬಿಟ್ ಎಂಬುದೇ ಬಿಟ್‌ರೇಟ್; ಸೈಜ್ ಎಂದರೆ ಬಿಟ್‌ರೇಟ್ ಗುಣಿಸು ಸಮಯ, ಅಷ್ಟೇ. ರೆಸಲ್ಯೂಶನ್ ನಿರ್ಧರಿಸುವುದು ಆ ಬಿಟ್‌ಗಳು ಎಷ್ಟು ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತವೆ ಎಂಬುದನ್ನು. ಒಂದೇ ಡಬ್ಬ ಬಣ್ಣ ಇರುವಾಗ ಗೋಡೆ ದೊಡ್ಡದಾದಷ್ಟೂ ಲೇಪ ತೆಳುವಾಗುತ್ತದಲ್ಲ, ಹಾಗೆ. "ಫುಲ್ ಎಚ್‌ಡಿ ಇಟ್ಟರೆ ಮುಖ ಚೆನ್ನಾಗಿ ಬರುತ್ತದೆ" ಎಂಬ ನಂಬಿಕೆ ಈ ಬಿಟ್‌ರೇಟ್‌ನಲ್ಲಿ ತಲೆಕೆಳಗಾಗುವುದು ಇಲ್ಲೇ. ನಮ್ಮ ವಿಡಿಯೊವನ್ನು ಹಾಗೇ ಹಿಂಡಿದರೆ ಪ್ರತಿ ಪಿಕ್ಸೆಲ್‌ಗೆ 0.015 ಬಿಟ್ ಸಿಗುತ್ತದೆ.

ಹಾಗೆಂದು ಇಡೀ ಫ್ರೇಮನ್ನು ಕುಗ್ಗಿಸಲು ಹೋಗಬೇಡಿ. 1280×720ಕ್ಕೆ ಇಳಿಸಿದರೆ 150 ಪಿಕ್ಸೆಲ್ ಅಗಲದ ಮುಖ 100ಕ್ಕೆ ಇಳಿಯುತ್ತದೆ. ಬದಲಿಗೆ ಕ್ರಾಪ್ ಮಾಡಿ. ಫೋನ್ ನೇರ ಹಿಡಿದು ನೋಡುವ ಸ್ಟೇಟಸ್‌ನಲ್ಲಿ ಅಡ್ಡ ವಿಡಿಯೊ ಮಧ್ಯದಲ್ಲೊಂದು ಪಟ್ಟಿಯಾಗಿ ಕಾಣುತ್ತದೆ. ಮುಖದ ಸುತ್ತ 608×1080 ಭಾಗವನ್ನಷ್ಟೇ ಉಳಿಸಿಕೊಂಡರೆ ಮುಖ 150 ಪಿಕ್ಸೆಲ್ ಆಗಿಯೇ ಇರುತ್ತದೆ, ಪರದೆಯ ಮೇಲೆ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. 60 ಫ್ರೇಮನ್ನು 30ಕ್ಕೆ ಇಳಿಸಿ. ಒಂದು ಬಿಟ್ಟು ಒಂದು ಫ್ರೇಮ್ ಹೋಗುವುದರಿಂದ ಚಲನೆ ಮುಗ್ಗರಿಸುವುದಿಲ್ಲ. 25 ಮಾಡಿದರೆ ಮುಗ್ಗರಿಸುತ್ತದೆ. ಈಗ ಪ್ರತಿ ಪಿಕ್ಸೆಲ್‌ಗೆ ಸಿಗುವುದು 0.096 ಬಿಟ್, ಆರು ಪಟ್ಟಿಗಿಂತ ಹೆಚ್ಚು. ಕ್ರಾಪ್ ಆದದ್ದನ್ನು ಮತ್ತೆ 1080 ಅಗಲಕ್ಕೆ ಹಿಗ್ಗಿಸಿದರೆ ಗಳಿಸಿದ್ದರಲ್ಲಿ ಬಹುಪಾಲು ಕಳೆದುಹೋಗುತ್ತದೆ.

ಕಂಪ್ಯೂಟರ್‌ನಲ್ಲಿ ffmpeg ಎಂಬ ವಿಡಿಯೊ ತಂತ್ರಾಂಶ ಇದ್ದರೆ ಎರಡು ಸುತ್ತಿನ ಎನ್‌ಕೋಡಿಂಗ್ ಮಾಡಿ. ಮೊದಲ ಸುತ್ತಿನಲ್ಲಿ ಅದು ವಿಡಿಯೊ ಪೂರ್ತಿ ನೋಡಿ, ಎಲ್ಲಿ ಕಷ್ಟವಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಎರಡನೆಯದರಲ್ಲಿ ಸ್ಥಿರ ದೃಶ್ಯಗಳಲ್ಲಿ ಉಳಿಸಿದ ಬಿಟ್‌ಗಳನ್ನು ತಲೆ ತಿರುಗಿಸುವ, ಕೈ ಬೀಸುವ ಕ್ಷಣಗಳಿಗೆ ಕೊಡುತ್ತದೆ.

```
ffmpeg -y -ss 12 -t 59 -i in.mp4 -vf "crop=608:1080:820:0,fps=30" -c:v libx264 -preset slow -b:v 1900k -pix_fmt yuv420p -pass 1 -an -f null -

ffmpeg -ss 12 -t 59 -i in.mp4 -vf "crop=608:1080:820:0,fps=30" -c:v libx264 -preset slow -b:v 1900k -pix_fmt yuv420p -pass 2 -c:a aac -b:a 96k -movflags +faststart out.mp4
```

ಇಲ್ಲಿ 12 ಎಂದರೆ ಆರಂಭದ ಸೆಕೆಂಡ್, 820 ಎಂದರೆ ಎಡ ಅಂಚಿನಿಂದ ಕ್ರಾಪ್ ಶುರುವಾಗುವ ಜಾಗ. ಮುಖದ ನಡುಮಧ್ಯ ಎಡದಿಂದ 1124ನೇ ಪಿಕ್ಸೆಲ್‌ನಲ್ಲಿದ್ದರೆ ಅದರಿಂದ 304 ಕಳೆಯಿರಿ. ಮಂದ ಬೆಳಕಿನ ವಿಡಿಯೊ ಆದರೆ ಎರಡೂ ಸಾಲಿನಲ್ಲಿ `-preset slow` ಆದಮೇಲೆ `-aq-mode 3` ಸೇರಿಸಿ, ಕತ್ತಲ ಭಾಗಗಳಿಗೆ ಹೆಚ್ಚು ಬಿಟ್ ಹೋಗುತ್ತದೆ. ಫೋನ್‌ನಲ್ಲೇ ಮಾಡುವವರು ಬಿಟ್‌ರೇಟ್ ಅಂಕಿಯನ್ನು ನಾವೇ ಕೊಡಬಹುದಾದ ಎಡಿಟರ್ ಬಳಸಲಿ. "ಹೈ, ಮೀಡಿಯಂ, ಲೋ" ಎಂದಷ್ಟೇ ಕೇಳುವ ಎಡಿಟರ್‌ನಲ್ಲಿ ಈ ಲೆಕ್ಕ ಕೂರುವುದಿಲ್ಲ.

ಎಡಿಟ್ ಮಾಡುವಾಗ ಹಾಕಿದ ಮಿನುಗುವ ಚುಕ್ಕಿಗಳು, ಉದುರುವ ಹೂವು, ಹಳೇ ಫಿಲಂನಂಥ ಗ್ರೇನ್ ಇವನ್ನೆಲ್ಲ ತೆಗೆದು ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಹಿಂದಿನ ಫ್ರೇಮ್ ನೋಡಿ ಮುಂದಿನದನ್ನು ಊಹಿಸಿಯೇ ಎನ್‌ಕೋಡರ್ ಉಳಿತಾಯ ಮಾಡುವುದು. ಗೊತ್ತುಗುರಿಯಿಲ್ಲದೆ ಮಿನುಗುವ ಸಾವಿರ ಚುಕ್ಕಿಗಳನ್ನು ಊಹಿಸಲಾಗುವುದಿಲ್ಲ, ಹಾಗಾಗಿ ಅವು ಮುಖದ ಪಾಲನ್ನೂ ತಿನ್ನುತ್ತವೆ. ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಟ್ರಾನ್ಸಿಷನ್ ಕೂಡ ಇದೇ ಜಾತಿಯದು. ನೇರ ಕಟ್ ಎಷ್ಟೋ ಅಗ್ಗ.

ಮುಗಿದ ಮೇಲೆ ತಲೆ ತಿರುಗುವ ಜಾಗದಲ್ಲಿ ನಿಲ್ಲಿಸಿ ಕೆನ್ನೆ ನೋಡಿ. ಚೌಕಗಳು ಕಂಡರೆ ಬಿಟ್ ಸಾಲದು, ಅವಧಿಯನ್ನು 45 ಸೆಕೆಂಡಿಗೆ ಇಳಿಸಿ ಲೆಕ್ಕವನ್ನು ಮತ್ತೆ ಹಾಕಿ. ಎಂಟು ಸೆಕೆಂಡಿಗೊಮ್ಮೆ ಮುಖ ಥಟ್ಟನೆ ಸ್ಪಷ್ಟವಾಗಿ ಮತ್ತೆ ಮಬ್ಬಾದರೂ ಅದೇ ರೋಗ. ಹಿಂದಿನದನ್ನು ನೋಡಿ ಊಹಿಸದೆ, 250 ಫ್ರೇಮಿಗೊಮ್ಮೆಯಾದರೂ ಹೊಸದಾಗಿ ಬರೆಯುವ ಪೂರ್ಣ ಫ್ರೇಮ್ ಅದು. ನಿಮ್ಮ ಫೈಲ್ ಚೆನ್ನಾಗಿದ್ದು ಎದುರಿನವರ ಫೋನ್‌ನಲ್ಲಿ ಕೆಟ್ಟಿದ್ದರೆ ಆ್ಯಪ್ ಇನ್ನೊಮ್ಮೆ ಹಿಂಡಿದೆ ಎಂದರ್ಥ. ಅದನ್ನು ಪೂರ್ತಿ ತಡೆಯಲಾಗದು, ಆದರೆ ಕಡಿಮೆ ಪಿಕ್ಸೆಲ್‌ನ, ಗ್ರೇನ್ ಇಲ್ಲದ ವಿಡಿಯೊ ಎರಡನೇ ಏಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಮೂಲ ಫೈಲನ್ನು ಕಂಪ್ಯೂಟರ್‌ಗೆ ಒಯ್ಯುವಾಗಲೂ ಚಾಟ್‌ನಲ್ಲಿ ವಿಡಿಯೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಇಬ್ಬರು ವೇದಿಕೆಯ ಎರಡು ತುದಿಯಲ್ಲಿದ್ದರೆ ಒಂದೇ ಕ್ರಾಪ್‌ನಲ್ಲಿ ಹಿಡಿಸಲಾಗದು. ಯಾರು ಮಾತಾಡುತ್ತಾರೋ ಅವರ ಕಡೆ ಕ್ರಾಪ್ ಬದಲಿಸುತ್ತ ಎಡಿಟರ್‌ನಲ್ಲಿ ನೇರ ಕಟ್ ಕೊಡಿ. ಇನ್ನು ಇಪ್ಪತ್ತು ಜನರ ಗುಂಪಿನಲ್ಲಿ ಒಬ್ಬೊಬ್ಬರ ಮುಖ ಮೂಲದಲ್ಲೇ 30 ಪಿಕ್ಸೆಲ್ ಇದ್ದರೆ ಯಾವ ಸೆಟ್ಟಿಂಗ್‌ನಿಂದಲೂ ಪ್ರಯೋಜನವಿಲ್ಲ. ಆ ದೃಶ್ಯದ ಒಂದು ಫ್ರೇಮನ್ನು ಫೋಟೊ ಆಗಿ ಬೇರೆ ಹಾಕುವುದೇ ಲೇಸು.