ಉಪ್ಪಿನ ಮುಂದೆ ಇದ್ದ ಸಕಾರ

ರಾಯಚೂರಿನ ಸಂತೆಯಲ್ಲಿ ಕನ್ನಡದವರು ಕೇಳುವುದೂ ಉಪ್ಪು, ತೆಲುಗಿನವರು ಕೇಳುವುದೂ ಉಪ್ಪು. ತಮಿಳಿನಲ್ಲೂ ಅದೇ ಪದ. ಈ ಮೂರನ್ನಷ್ಟೇ ನೋಡಿದರೆ ಪದ ಮೊದಲಿನಿಂದಲೂ ಹೀಗೇ ಇತ್ತು ಅನ್ನಿಸುತ್ತದೆ. ಆದರೆ ಮಹಾರಾಷ್ಟ್ರ, ತೆಲಂಗಾಣ ಗಡಿಯ ಕೊಲಾಮಿ ಭಾಷೆಯಲ್ಲಿ ಉಪ್ಪಿಗೆ ‘ಸುಪ್’ ಅನ್ನುತ್ತಾರೆ. ಬಸ್ತರಿನ ಪರ್ಜಿಯಲ್ಲಿ ಅದು ‘ಚುಪ್’, ಗೋಂಡಿಯಲ್ಲಿ ‘ಸೊವರ್’.

ಹಾಗಾದರೆ ಅವರು ಸಕಾರ ಸೇರಿಸಿಕೊಂಡರಾ, ನಾವು ಕಳೆದುಕೊಂಡೆವಾ? ಒಂದೇ ಪದ ಇಟ್ಟುಕೊಂಡು ಇದನ್ನು ಹೇಳಲಾಗದು. ಇನ್ನಷ್ಟು ಜ್ಞಾತಿ ಪದಗಳು, ಅಂದರೆ ಒಂದೇ ಬೇರಿನಿಂದ ಬೇರೆ ಬೇರೆ ಭಾಷೆಗಳಿಗೆ ಇಳಿದ ಪದಗಳು ಬೇಕು. ನಮ್ಮ ಐದಕ್ಕೆ ಗೋಂಡಿಯಲ್ಲಿ ‘ಸಯ್ಯುಂಗ್’, ಆರಕ್ಕೆ ‘ಸಾರುಂಗ್’. ಏಳಕ್ಕೆ ಮಾತ್ರ ‘ಯೇಡುಂಗ್’, ಅಲ್ಲಿ ಸಕಾರ ಇಲ್ಲ. ತೂಕ ಇರುವುದು ಈ ಏಳಕ್ಕೇ. ಸ್ವರದಿಂದ ಶುರುವಾಗುವ ಪದಗಳಿಗೆ ಗೋಂಡಿಯವರು ಸುಮ್ನೆ ಸಕಾರ ಹಚ್ಚಿದ್ದರೆ ಏಳಕ್ಕೂ ಹಚ್ಚಬೇಕಿತ್ತು. ಯಾವುದಕ್ಕೆ ಹಚ್ಚಬೇಕು, ಯಾವುದಕ್ಕೆ ಬಿಡಬೇಕು ಅಂತ ಹೇಳುವ ನಿಯಮ ಸಿಗುವುದಿಲ್ಲ. ಕಳೆದುಹೋಯಿತು ಅಂದುಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ: ಆರರ ಮುಂದೆ ಮೊದಲು ಒಂದು ವ್ಯಂಜನ ಇತ್ತು, ಏಳರ ಮುಂದೆ ಇರಲಿಲ್ಲ. ದಕ್ಷಿಣದ ಭಾಷೆಗಳ ಈ ನಷ್ಟವನ್ನು ಭಾಷಾಶಾಸ್ತ್ರಜ್ಞ ಟಿ. ಬರೋ 1947ರಲ್ಲಿ ಒಂದು ಲೇಖನದಲ್ಲಿ ವಿವರವಾಗಿ ಚರ್ಚಿಸಿದರು.

ಸಾಕ್ಷಿ ಕಡಿಮೆ ಇದ್ದಾಗ ಪ್ರತಿಯೊಂದನ್ನೂ ತೂಗಿ ನೋಡಬೇಕು. ಕನ್ನಡ, ತೆಲುಗು ಎರಡೂ ಉಪ್ಪು ಅಂದ ಮಾತ್ರಕ್ಕೆ ಎರಡು ಸಾಕ್ಷಿ ಆಗುವುದಿಲ್ಲ. ಬಳ್ಳಾರಿ, ರಾಯಚೂರಿನ ಕಡೆ ಈ ಎರಡು ಭಾಷೆಗಳು ಒಂದೇ ಓಣಿಯಲ್ಲಿ ಬದುಕಿವೆ, ಒಂದರಿಂದ ಒಂದು ಕಲಿತಿವೆ. ಅಂಕಿಗಳಿಗೂ ಇದೇ ಎಚ್ಚರ ಬೇಕು. ಒಂದರ ಹಿಂದೆ ಒಂದು ಎಣಿಸುವಾಗ ಪಕ್ಕದ ಅಂಕಿಯ ಮೊದಲ ಸದ್ದು ಇದಕ್ಕೂ ಅಂಟುವುದುಂಟು. ಹಾಗಾಗಿ ಐದು, ಆರು ಜೊತೆಯಾಗಿ ಹೇಳುವುದಕ್ಕಿಂತ ಉಪ್ಪು ಒಂದೇ ಹೇಳುವುದು ಜಾಸ್ತಿ ನಂಬಿಕೆಯದು.

ಈಚಲು ಮರವೂ ಅಂಥದ್ದೇ ಒಂಟಿ ಸಾಕ್ಷಿ. ತಮಿಳಿನಲ್ಲಿ ‘ಈಂತು’, ತೆಲುಗಿನಲ್ಲಿ ‘ಈತ’, ಗೋಂಡಿಯಲ್ಲಿ ‘ಸಿಂದಿ’. ಉಪ್ಪಿನಲ್ಲಿ ಕಂಡ ಹೊಂದಾಣಿಕೆಯೇ ಇಲ್ಲೂ ಇದೆ. ಆದರೆ ಎಡವುವುದೂ ಇಲ್ಲೇ. ರಾಯಚೂರಿನ ಕಡೆ ಆ ಮರದ ಹೆಂಡಕ್ಕೆ ‘ಸೇಂದಿ’ ಅನ್ನುತ್ತಾರೆ, ಅಲ್ವಾ? ಇದನ್ನು ಹಳೆಯ ಸಕಾರ ಉಳಿಸಿಕೊಂಡ ಕನ್ನಡ ಪದ ಅಂತ ಪಟ್ಟಿಗೆ ಸೇರಿಸಿದರೆ, ಕನ್ನಡ ಒಂದೇ ಪದದಲ್ಲಿ ಸಕಾರವನ್ನು ಕಳೆದೂ ಇದೆ, ಉಳಿಸಿಯೂ ಇದೆ ಅಂತಾಗುತ್ತದೆ. ನಿಯಮವೇ ಮಸುಕಾಗುತ್ತದೆ. ಸೇಂದಿ ಮರಾಠಿಯ ‘ಶಿಂದಿ’, ದಖನಿಯ ‘ಸೇಂದಿ’ ಸಾಲಿಗೆ ಸೇರಿದ್ದು, ಹೊರಗಿನಿಂದ ಬಂದದ್ದು. ಮರದ ಹೆಸರಾದ ಈಚಲು ನಮ್ಮ ಮನೆಯದು. ಮರಕ್ಕೆ ಒಂದು ಪದ, ಅದರ ಹೆಂಡಕ್ಕೆ ಬೇರೆ ಪದ, ಎರಡನೆಯದು ನೆರೆಭಾಷೆಯಲ್ಲೂ ಬಳಕೆಯಲ್ಲಿದೆ ಅಂದರೆ ಮೊದಲು ಎರವಲಿನ ಅನುಮಾನ ಬರಬೇಕು.

ಇನ್ನು ಕಳೆದುಹೋದ ಸದ್ದು ಯಾವುದು, ಸಕಾರವೋ ಚಕಾರವೋ? ಪರ್ಜಿಯಲ್ಲಿ ಚ ಇದೆ. ನಮ್ಮ ‘ಸಾಯಿ’ಗೆ ತೆಲುಗಿನಲ್ಲಿ ‘ಚಚ್ಚು’ ಇದೆ. ಚ ಸಡಿಲಾಗಿ ಸ ಆಗುವುದು, ಸ ಇನ್ನೂ ಸಡಿಲಾಗಿ ಹ ಆಗುವುದು, ಹ ಮಾಯವಾಗುವುದು ಹಲವು ಭಾಷೆಗಳಲ್ಲಿ ಕಂಡದ್ದು. ಅದಕ್ಕೇ ಈ ಭಾಷೆಗಳೆಲ್ಲ ಕವಲೊಡೆದ ಮೂಲ ದ್ರಾವಿಡಕ್ಕೆ ಪ್ರತ್ಯೇಕ ಸಕಾರ ಇರಲಿಲ್ಲ, ಚಕಾರವೇ ಇತ್ತು ಅಂತ ಹೇಳುತ್ತಾರೆ. ಉಪ್ಪಿನ ಮೂಲವನ್ನು *ಚುಪ್ ಅಂತ ಬರೆಯುತ್ತಾರೆ. ಅದರ ಮುಂದಿರುವ ನಕ್ಷತ್ರ ಚಿಹ್ನೆಯ ಅರ್ಥ, ಇದು ಬರಹದಲ್ಲಿ ಸಿಕ್ಕ ಪದ ಅಲ್ಲ, ಊಹಿಸಿ ಕಟ್ಟಿದ ರೂಪ. ಆಗ ಜನ ಅದನ್ನು ಬಾಯಲ್ಲಿ ಹೇಗೆ ಉಚ್ಚರಿಸುತ್ತಿದ್ದರು ಅನ್ನುವುದನ್ನು ಈ ವಿಧಾನ ಹೇಳುವುದಿಲ್ಲ.

ಸ ಹೋಗಿ ಹ, ಹ ಹೋಗಿ ಖಾಲಿ ಅನ್ನುವ ಸರಪಳಿ ಗೋಂಡಿಯಲ್ಲಿ ಕಣ್ಣಮುಂದೆಯೇ ಇದೆ. ಕೆಲವು ಕಡೆ ಸೊವರ್, ಕೆಲವು ಕಡೆ ಹೊವರ್, ಇನ್ನು ಕೆಲವು ಕಡೆ ಬರೀ ಒವರ್. ಭಾಷಾಶಾಸ್ತ್ರಜ್ಞ ಭದ್ರಿರಾಜು ಕೃಷ್ಣಮೂರ್ತಿ 1998ರಲ್ಲಿ ಇದನ್ನು ಪದ ಪದವಾಗಿ ಪರಿಶೀಲಿಸಿದರು. ಬದಲಾವಣೆ ಎಲ್ಲ ಪದಗಳನ್ನೂ ಒಟ್ಟಿಗೆ ಹಿಡಿಯುವುದಿಲ್ಲ, ಒಂದೊಂದಾಗಿ ಹಬ್ಬುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ.

ಹಬ್ಬುವುದು ನಡುವೆಯೇ ನಿಂತರೆ? ತಮಿಳಿನಲ್ಲಿ ರೆಕ್ಕೆಗೆ ‘ಚಿಱಕು’ ಅಂತಲೂ ಉಂಟು, ‘ಇಱಕು’ ಅಂತಲೂ ಉಂಟು. ಒಂದೇ ಪದ ಎರಡೂ ಹಂತದಲ್ಲಿ ನಿಂತಿದೆ. ಕನ್ನಡದಲ್ಲಿ ಉಪ್ಪು, ಆರು, ಈಚಲು ತಲೆಯ ವ್ಯಂಜನ ಕಳೆದುಕೊಂಡಿವೆ, ‘ಸಾಯಿ’, ‘ಸೇರು’ ಉಳಿಸಿಕೊಂಡಿವೆ. ಮುಂದಿನ ಸ್ವರ ನೋಡಿ ಇದನ್ನು ವಿಂಗಡಿಸಲಾಗದು: ಆರು ಮತ್ತು ಸಾಯಿ ಎರಡರಲ್ಲೂ ಅದೇ ‘ಆ’ ಇದೆ. ಹಾಗಾಗಿ ಕನ್ನಡದಲ್ಲಿ ಸ್ವರದಿಂದ ಶುರುವಾಗುವ ಯಾವುದೋ ಪದ ಸಿಕ್ಕಾಗ, ಅದರ ಮುಂದೆ ಚಕಾರ ಇತ್ತಾ ಇಲ್ವಾ ಅಂತ ಕನ್ನಡವೊಂದರಿಂದಲೇ ಹೇಳಲಾಗದು. ಗೋಂಡಿ, ಕೊಲಾಮಿ, ಪರ್ಜಿಯಲ್ಲಿ ಅದರ ಜೋಡಿ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಕಾಗುತ್ತದೆ.