ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಎದ್ದು ಹೋಗುತ್ತಾರೆ

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳುತ್ತಾಳೆ: "ತಮ್ಮನಿಗೆ ದುಡ್ಡು ಕಳಿಸಿದ್ದನ್ನ ನನಗ್ಯಾಕೆ ಹೇಳಲಿಲ್ಲ?" ಗಂಡ ಮಾತಾಡದೆ ಅನ್ನ ಕಲಸುತ್ತಾನೆ. ಅವಳ ದನಿ ಏರುತ್ತದೆ. ಅವನು ಕೈ ತೊಳೆದು ಬಾಲ್ಕನಿಗೆ ಹೋಗುತ್ತಾನೆ. "ಇವರು ಬಾಯೇ ಬಿಡಲ್ಲ, ಅದಕ್ಕೇ ಕೂಗ್ತೀನಿ" ಅಂತ ಅವಳು. "ಅವಳು ಕೂಗ್ತಾಳೆ, ಅದಕ್ಕೇ ಬಾಯಿ ಬಿಡಲ್ಲ" ಅಂತ ಅವನು. ಇಬ್ಬರೂ ಹೇಳುತ್ತಿರುವುದು ನಿಜವೇ.

ದಂಪತಿ ಕೌನ್ಸೆಲಿಂಗ್ ಈ ಸುತ್ತನ್ನೇ ಹಿಡಿದುಕೊಳ್ಳುತ್ತದೆ. ಮನೆಯ ಹಿರಿಯರ ಪಂಚಾಯಿತಿಯಂತೆ ತಪ್ಪು ಯಾರದು ಅಂತ ಅಲ್ಲಿ ತೀರ್ಮಾನ ಮಾಡುವುದಿಲ್ಲ. ಸಾಮಾನ್ಯವಾಗಿ ಮೊದಲ ಸಲ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಕರೆಯುತ್ತಾರೆ, ಏಕೆಂದರೆ ಹೊಡೆತ, ಹೆದರಿಕೆ ಇದ್ದರೆ ಅದು ಇನ್ನೊಬ್ಬರ ಎದುರು ಹೊರಗೆ ಬರುವುದಿಲ್ಲ. ನಂತರ ಜಗಳವನ್ನು ನಿಧಾನವಾಗಿ ಬಿಡಿಸುತ್ತಾ ಹೋಗುತ್ತಾರೆ. "ಎದ್ದು ಹೋದಾಗ ನಿಮ್ಮ ಒಳಗೆ ಏನಾಗ್ತಿತ್ತು?" ಎಂದು ಕೇಳಿದರೆ "ಎದೆ ಡವಡವ ಅಂತಿತ್ತು" ಅನ್ನುತ್ತಾನೆ ಗಂಡ. ಅವನು ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂದುಕೊಂಡಿದ್ದ ಹೆಂಡತಿಗೆ ಇದು ಹೊಸ ವಿಷಯ.

ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಜಗಳವಾಡುವ ದಂಪತಿಗಳ ಎದೆಬಡಿತವನ್ನೇ ಅಳೆದವರು. ಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದು ಕಷ್ಟ ಅನ್ನುತ್ತಾರೆ ಅವರು. ಮೈ ಶಾಂತವಾಗಲು ಕಡೇಪಕ್ಷ 20 ನಿಮಿಷ ಬೇಕು. ಹಾಗಾಗಿ ಕೌನ್ಸೆಲಿಂಗ್‌ನಲ್ಲಿ ಒಂದು ಕರಾರು ಮಾಡಿಸುತ್ತಾರೆ: ಎದ್ದು ಹೋಗಬಹುದು, ಆದರೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತೇನೆ ಅಂತ ಹೇಳಿಯೇ ಹೋಗಬೇಕು.

ಇದರಿಂದ ಎಲ್ಲರಿಗೂ ಉಪಯೋಗವಾಗುತ್ತದಾ? ಇಲ್ಲ. ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು ಸಂಬಂಧ ತುಂಬಾ ಹದಗೆಟ್ಟಿದ್ದ 134 ದಂಪತಿಗಳನ್ನು ಕೌನ್ಸೆಲಿಂಗ್ ಮುಗಿದ ಮೇಲೂ 5 ವರ್ಷ ಗಮನಿಸಿದರು. ಸುಮಾರು ಅರ್ಧದಷ್ಟು ಜನ ಚೆನ್ನಾಗಿ ಸುಧಾರಿಸಿದ್ದರು. ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಜನ ಬೇರೆಯಾಗಿದ್ದರು. ಇನ್ನು, ಗಂಡನಿಗೆ ಹೆದರಿ ಬದುಕುತ್ತಿರುವವಳು ಅವನ ಪಕ್ಕ ಕೂತು ನಿಜ ಹೇಳಿದರೆ ಮನೆಗೆ ಹೋದ ಮೇಲೆ ಏಟು ಬೀಳಬಹುದು. ಅಂಥಲ್ಲಿ ಜೊತೆಯಾಗಿ ಹೋಗಲೇಬಾರದು. ಮೊದಲು ಬೇಕಿರುವುದು ರಕ್ಷಣೆ, ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೇ.

ಅವನು ಬರಲ್ಲ ಅಂದರೆ? ಜಗಳದ ನಡುವೆ "ನಿಮಗೆ ಕೌನ್ಸೆಲಿಂಗ್ ಬೇಕು" ಅಂದರೆ ಅದು ಬೈಗುಳದ ಹಾಗೇ ಕೇಳಿಸುತ್ತದೆ. ಮನಸ್ಸು ತಿಳಿಯಾಗಿದ್ದಾಗ "ನನಗೆ ಸಾಕಾಗಿದೆ, ಒಂದು ಸಲ ಬನ್ನಿ, ಇಷ್ಟವಾಗದಿದ್ದರೆ ಬಿಡೋಣ" ಅಂದು ನೋಡಬಹುದು. ಯಾಕೆ ಬೇಡ ಅಂತಲೂ ಕೇಳಬೇಕು. ಹೆಂಡತಿ, ಕೌನ್ಸೆಲರ್ ಇಬ್ಬರೂ ಸೇರಿ ನನ್ನದೇ ತಪ್ಪು ಅಂತಾರೆ ಎಂಬ ಭಯ ಹಲವರಿಗಿರುತ್ತದೆ. ಅಂಥವರಿಗೆ ಕೌನ್ಸೆಲರನ್ನು ಆರಿಸುವ ಅವಕಾಶ ಕೊಟ್ಟರೆ ಭಯ ಸ್ವಲ್ಪ ಇಳಿಯುತ್ತದೆ.

ಆಗಲೂ ಒಪ್ಪದಿದ್ದರೆ ಒಬ್ಬರೇ ಹೋಗಬಹುದು. ಆದರೆ ಒಂದೇ ಕಡೆಯ ಕಥೆ ಕೇಳಿದ ಕೌನ್ಸೆಲರಿಗೆ ಮನೆಯಲ್ಲಿರುವವನು ಕೆಟ್ಟವನಾಗಿ ಕಾಣುವ ಅಪಾಯವಿದೆ. ಅದಕ್ಕೇ ದೂರು ಮಾತ್ರ ಹೇಳದೆ "ಈ ಸುತ್ತಿನಲ್ಲಿ ನಾನು ಮಾಡೋದೇನು?" ಅಂತಲೂ ಕೇಳಬೇಕು. ಮುಂದಿನ ಸಲ ದುಡ್ಡಿನ ಮಾತನ್ನು ಅವಳು ಊಟ ಮುಗಿದ ಮೇಲೆ ತೆಗೆಯುತ್ತಾಳೆ. ಅವನು ಏಳುತ್ತಾನೆ. "ಸರಿ, ಅರ್ಧ ಗಂಟೆ ಬಿಟ್ಟು ಮಾತಾಡೋಣ" ಅಂದು ಅವಳು ಪಾತ್ರೆ ತೊಳೆಯಲು ಹೋಗುತ್ತಾಳೆ, ಬಾಲ್ಕನಿಗೆ ಹಿಂಬಾಲಿಸುವುದಿಲ್ಲ.